‘ಧನಾತ್ಮಕವಾದ’ ಅಂದರೆ ಬ್ಯಾಟರಿಯಾ? ಮೆಥಡಾಲಜಿ ಅಧ್ಯಾಯದ ಎರಡು ಪದ

ಬದಿಯಡ್ಕದಿಂದ:

ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದಲ್ಲಿದ್ದ ಮಕ್ಕಳನ್ನು ಪೋಷಕರು ಹೈಸ್ಕೂಲಿಗೆ ಬರುವಾಗ ಇಂಗ್ಲಿಷ್ ಮಾಧ್ಯಮಕ್ಕೆ ಯಾಕೆ ಸೇರಿಸುತ್ತಾರೆ ಅನ್ನೋದು ನನ್ನ ಥೀಸಿಸ್. ಬರೆಯುತ್ತಿರೋದು ಕನ್ನಡದಲ್ಲೇ. 120 ಪೋಷಕರಿಂದ ಫಾರಂ ತುಂಬಿಸಿದ್ದೇನೆ, ಅವರಲ್ಲಿ 14 ಮಂದಿಯ ಜೊತೆ ಮನೆಯಲ್ಲಿ ಕೂತು ಮಾತಾಡಿದ್ದೇನೆ.

ಮೆಥಡಾಲಜಿ ಅಧ್ಯಾಯ ವಾಪಸ್ ಬಂದಿದೆ. ಪಾಸಿಟಿವಿಸಂಗೆ ನಾನು ‘ಧನಾತ್ಮಕವಾದ’ ಅಂತ ಬರೆದಿದ್ದೆ. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಇದೇನು, ಬ್ಯಾಟರಿಯಾ?’ ಅಂತಿದೆ. ಕೆಳಗೆ ಇನ್ನೊಂದು: ‘ನಿಲುವಿಗೆ ಸಮರ್ಥನೆ ಸಾಲದು.’ ಅಲ್ಲಿ ನಾನು ಬರೆದಿದ್ದ ವಾಕ್ಯ ಹೀಗಿತ್ತು: ‘ಧನಾತ್ಮಕವಾದವು ಮನುಷ್ಯರನ್ನು ಬರೀ ಅಂಕಿಗಳಾಗಿ ನೋಡುವುದರಿಂದ ಅದನ್ನು ಕೈಬಿಟ್ಟು ವ್ಯಾಖ್ಯಾನವಾದವನ್ನು ಅನುಸರಿಸಲಾಗಿದೆ. ಸಂಶೋಧಕಿಯ ಪ್ರಭಾವ ಉತ್ತರಗಳ ಮೇಲೆ ಬೀಳದಂತೆ ಎಚ್ಚರ ವಹಿಸಲಾಗಿದೆ. 14 ಮಂದಿಯಲ್ಲಿ 9 ಮಂದಿ, ಅಂದರೆ ಶೇ. 64ರಷ್ಟು ಪೋಷಕರು ಉದ್ಯೋಗದ ಕಾರಣ ನೀಡಿದ್ದಾರೆ.’

ಪಾಸಿಟಿವಿಸಂ, ಇಂಟರ್‌ಪ್ರಿಟಿವಿಸಂ ಎರಡಕ್ಕೂ ಸರಿಯಾದ ಕನ್ನಡ ಪದ ಯಾವುದು? ಸಮರ್ಥನೆ ಅಂದರೆ ಇನ್ನೇನು ಬರೀಬೇಕು?

ಹೊಸೂರಿನಿಂದ:

ತಂಗಿ, ಧನಾತ್ಮಕ ಬೇಡ, ‘ಸಕಾರಾತ್ಮಕ’ ಅನ್ನಿ, ಅದು ಈಗ ಎಲ್ಲ ಕಡೆ ನಡೆಯುತ್ತದೆ. ಪೋಷಕರಲ್ಲಿ ಕನ್ನಡದ ಬಗ್ಗೆ ಸಕಾರಾತ್ಮಕ ಭಾವನೆ ಕಮ್ಮಿಯಾದದ್ದೇ ಎಲ್ಲದಕ್ಕೂ ಮೂಲ. ನಮ್ಮ ಕಡೆ 2006ರ ಕಾನೂನು ಬಂದ ಮೇಲೆ ಕನ್ನಡ ಶಾಲೆಯ ಮಕ್ಕಳೂ ತಮಿಳು ಕಲಿಯಲೇಬೇಕು. ಮೂವತ್ತು ವರ್ಷ ಪಾಠ ಮಾಡಿದವನು ನಾನು. ಬಿಡುವಾದಾಗ ಆ ಕಥೆಯನ್ನು ಬೇರೆಯಾಗಿ ಬರೆಯುತ್ತೇನೆ.

ಮಂಜೇಶ್ವರದಿಂದ:

ಮಾಷ್ಟ್ರೇ, ಅವರು ಕೇಳಿದ್ದು ಆ ಪಾಸಿಟಿವ್ ಅಲ್ಲ.

ನನ್ನ ಮಟ್ಟಿಗೆ ಪಾಸಿಟಿವಿಸಂ ಅಂದರೆ ‘ಪ್ರತ್ಯಕ್ಷವಾದ’. ಕಣ್ಣಿಗೆ ಕಂಡದ್ದು, ಅಳೆಯಲು ಬಂದದ್ದು ಮಾತ್ರ ನಿಜ ಅನ್ನೋದು. ಜನ ಕೊಡುವ ಅರ್ಥವನ್ನು ಹಿಡಿಯುವ ಇನ್ನೊಂದಕ್ಕೆ ನಮ್ಮೂರಲ್ಲೇ ಪದ ಇದೆಯಲ್ಲ, ವೇಷವಿಲ್ಲದೆ ಕೂತು ಯಕ್ಷಗಾನದ ಪದ್ಯಕ್ಕೆ ಅರ್ಥ ಹೇಳುವ ತಾಳಮದ್ದಳೆಯ ‘ಅರ್ಥಗಾರಿಕೆ’! ಪದ್ಯ ಒಂದೇ, ಇಬ್ಬರು ಅರ್ಥಧಾರಿಗಳು ಹೇಳುವ ಕೃಷ್ಣ ಬೇರೆ ಬೇರೆ. ಇನ್ನು ನಿಲುವಿನ ವಿಷಯ ಸುಲಭ. ಫಾರಂ ತುಂಬಿಸಿದ್ದು ಪಾಸಿಟಿವಿಸಂ, ಮಾತಾಡಿಸಿದ್ದು ಇನ್ನೊಂದು. ನಿಮ್ಮಲ್ಲಿ ಎರಡೂ ಇದೆ. ‘ಮಿಶ್ರ ವಿಧಾನ’ ಅಂತ ಬರೆದು ಮುಗಿಸಿ.

ಕುಂಬಳೆಯಿಂದ:

ಮಂಜೇಶ್ವರದವರು ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಮೊದಲು ಪದ ನೋಡೋಣ. ಫ್ರಾನ್ಸಿನ ಚಿಂತಕ ಆಗಸ್ಟ್ ಕಾಂಟ್ 19ನೇ ಶತಮಾನದಲ್ಲಿ ‘ಪಾಸಿಟಿವ್’ ಅಂದಾಗ ನೆಗೆಟಿವ್‌ಗೆ ಎದುರಾದದ್ದು ಅನ್ನೋದು ಅವನ ಮನಸ್ಸಿನಲ್ಲಿದ್ದ ಮುಖ್ಯ ಅರ್ಥ ಅಲ್ಲ. ಊಹೆಯದ್ದಲ್ಲ, ಖಚಿತವಾದದ್ದು, ನಿಜವಾಗಿ ಇರುವಂಥದ್ದು ಅಂತ. ಹಾಗಾಗಿ ಧನಾತ್ಮಕವೂ ಸಕಾರಾತ್ಮಕವೂ ಎರಡೂ ಬೀಳುತ್ತವೆ. ಪ್ರತ್ಯಕ್ಷವಾದ ಹತ್ತಿರದ್ದೇ, ಆದರೆ ನಮ್ಮ ದರ್ಶನಗಳಲ್ಲಿ ಪ್ರತ್ಯಕ್ಷದ ಪಕ್ಕದಲ್ಲೇ ಅನುಮಾನವೂ, ಅಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ ತಿಳಿಯುವುದೂ, ಅರಿವಿಗೆ ಒಂದು ಪ್ರಮಾಣ. ಪ್ರತ್ಯಕ್ಷ ಒಂದೇ ಸಾಕು ಅಂದವರು ಚಾರ್ವಾಕರು. 120 ಫಾರಂ ನೋಡಿ ಜಿಲ್ಲೆಯ ಬಗ್ಗೆ ಹೇಳ ಹೊರಡುವವನು ಮಾಡುವುದೇ ಅನುಮಾನ. ನಾನಾದರೆ ಸುಮ್ನೆ ಪಾಸಿಟಿವಿಸಂ ಅಂತಲೇ ಇಡುತ್ತೇನೆ.

‘ಅರ್ಥಗಾರಿಕೆ’ ಚಂದದ ಪದ, ಆದರೆ ಒಂದು ಮುಳ್ಳಿದೆ. ತಾಳಮದ್ದಳೆಯಲ್ಲಿ ಅರ್ಥ ಕಟ್ಟುವವನು ಅರ್ಥಧಾರಿ. ಇಲ್ಲಿ ಮೊದಲು ಅರ್ಥ ಕಟ್ಟಿಕೊಂಡಿರುವುದು ಆ ತಾಯಿ. ಸಂಶೋಧಕಿ ಹೇಳುವುದು ಆ ಅರ್ಥದ ಮೇಲಿನ ಅರ್ಥ. ಈ ಎರಡು ಮೆಟ್ಟಿಲು ಆ ಪದದಲ್ಲಿ ಕಾಣುವುದಿಲ್ಲ.

ಇನ್ನು ‘ಸಮರ್ಥನೆ’. ಈ ಪದವೇ ನಿಮ್ಮನ್ನು ದಾರಿ ತಪ್ಪಿಸಿದೆ ಅನ್ನಿಸುತ್ತದೆ. ನಮ್ಮಲ್ಲಿ ಸಮರ್ಥಿಸುವುದು ಅಂದರೆ ಪಕ್ಷ ವಹಿಸಿ ವಾದ ಮಾಡುವುದು. ಹಾಗಾಗಿ ನೀವು ಎದುರು ಪಕ್ಷವನ್ನು ಬೈದಿರಿ. ಪರೀಕ್ಷಕರು ಕೇಳುವುದು ಅದಲ್ಲ. ‘ನನ್ನ ಪ್ರಶ್ನೆ ಇಂಥದ್ದು, ಅದಕ್ಕೆ ಈ ನಿಲುವೇ ಹೊಂದುತ್ತದೆ, ಹೊಂದುವುದಕ್ಕೆ ಕಾರಣ ಇದು’ ಅಂತ ಹೇಳಬೇಕು ಅಷ್ಟೇ.

ನಿಮ್ಮ ಫಾರಂನಲ್ಲಿ ‘ಮಾತೃಭಾಷೆ’ ಅಂತ ಒಂದು ಕಾಲಂ ಇದ್ದೇ ಇರುತ್ತದೆ, ಅಲ್ವಾ? ಅಲ್ಲಿ ಏನಾಯಿತು ಹೇಳಿ.

ಬದಿಯಡ್ಕದಿಂದ:

ಇದೆ ಸರ್. ಅದನ್ನು ನಾನು ತಲೆನೋವು ಅಂದುಕೊಂಡಿದ್ದೆ. ಒಬ್ಬ ಅಮ್ಮ ‘ಕನ್ನಡ’ಕ್ಕೆ ಗುರುತು ಹಾಕಿದ್ದರು. ಮನೆಗೆ ಹೋದರೆ ಒಳಗಿನಿಂದ ಅತ್ತೆ, ಮಕ್ಕಳು ಎಲ್ಲರದ್ದೂ ತುಳು. ಕೇಳಿದ್ದಕ್ಕೆ ನಕ್ಕು, ‘ಇಲ್ಲಡ್ ತುಳುವೇ. ಆದ್ರೆ ನಮ್ಮ ಭಾಷೆ ಕನ್ನಡ ಅಲ್ವಾ’ ಅಂದರು. ಇಂಥ ಫಾರಂ ಇನ್ನೂ ಹಲವು ಇವೆ. ತಪ್ಪು ಅಂತ ತೆಗೆದುಬಿಡಬೇಕು ಅಂತಿದ್ದೆ.

ಕುಂಬಳೆಯಿಂದ:

ತೆಗೀಬೇಡಿ! ಅಧ್ಯಾಯದ ಸಮರ್ಥನೆ ಅಲ್ಲೇ ಇದೆ.

ಪಾಸಿಟಿವಿಸ್ಟ್ ಆಗಿ ನೋಡಿದರೆ ಆ ಮನೆಯಲ್ಲಿ ಆಡುವ ಭಾಷೆ ಅನ್ನೋದು ಒಂದು ಸಂಗತಿ. ನೀವು ಕೇಳಿದರೂ ಕೇಳದಿದ್ದರೂ ಅದು ಅಲ್ಲಿದೆ. ಹಾಗಾದರೆ ಆ ಗುರುತು ಅಳತೆಯ ತಪ್ಪು, ಪ್ರಶ್ನೆಯನ್ನೇ ತಿದ್ದಬೇಕು. ‘ಮನೆಯಲ್ಲಿ ಆಡುವ ಭಾಷೆ’ ಒಂದು, ‘ಶಾಲೆಯಲ್ಲಿ ಕಲಿತ ಭಾಷೆ’ ಇನ್ನೊಂದು ಅಂತ ಒಡೆದು, ಹತ್ತಿಪ್ಪತ್ತು ಮನೆಯಲ್ಲಿ ಪರೀಕ್ಷಿಸಿ, ಎರಡು ವಾರ ಬಿಟ್ಟು ಮತ್ತೆ ಕೇಳಿದರೆ ಅದೇ ಉತ್ತರ ಬರುತ್ತದಾ ನೋಡಬೇಕು. ಆಮೇಲೆ ಆಡುಭಾಷೆಗೂ ಮಾಧ್ಯಮ ಬದಲಿಸುವುದಕ್ಕೂ ನಂಟಿದೆಯಾ ಅಂತ ಲೆಕ್ಕ ಹಾಕಬಹುದು. ಆಗ 120 ಮಂದಿಯನ್ನು ಹೇಗೆ ಆರಿಸಿದಿರಿ ಅನ್ನೋದು ಬಹಳ ಮುಖ್ಯ. ಪರಿಚಯದ ಎರಡು ಶಾಲೆಯ ಮಕ್ಕಳ ಕೈಯಲ್ಲಿ ಕೊಟ್ಟು ಕಳಿಸಿದ್ದಾದರೆ ಜಿಲ್ಲೆಯ ಬಗ್ಗೆ ಏನೂ ಹೇಳಲಾಗದು.

ಇನ್ನೊಂದು ನಿಲುವಿನಲ್ಲಿ ಆ ಗುರುತು ತಪ್ಪೇ ಅಲ್ಲ. ತುಳು ಆಡುವ ಮನೆಯಲ್ಲಿ ‘ನಮ್ಮ ಭಾಷೆ ಕನ್ನಡ’ ಅನ್ನುವ ಮಾತು ಹೇಗೆ ಹುಟ್ಟಿತು, ಹಾಗೆ ಹೇಳಿದ ಅಮ್ಮನೇ ಮಗನನ್ನು ಇಂಗ್ಲಿಷ್ ಮಾಧ್ಯಮಕ್ಕೆ ಕಳಿಸುವಾಗ ಏನು ಅಂದುಕೊಂಡಳು, ಅದೇ ನಿಮ್ಮ ವಿಷಯ. ನಿಮ್ಮದು ‘ಯಾಕೆ’ ಅನ್ನೋ ಪ್ರಶ್ನೆ, ಅದರಲ್ಲೂ ಅವರ ಬಾಯಿಂದ ಬರುವ ‘ಯಾಕೆ’. ಅದಕ್ಕೇ ಈ ನಿಲುವು ಸರಿ. 14 ಮಂದಿ ಸಾಕು. ಆದರೆ ಇಲ್ಲಿ ಮುಖ್ಯ ಎಣಿಕೆ ಅಲ್ಲ, ಅರ್ಥ. ಹಾಗಾಗಿ ‘ಶೇ. 64’ ಹೊಡೆದು ಹಾಕಿ. ‘ಪ್ರಭಾವ ಬೀಳದಂತೆ ಎಚ್ಚರ’ ಅನ್ನೋ ವಾಕ್ಯ ಪಾಸಿಟಿವಿಸ್ಟರ ಮನೆಯದ್ದು, ಅದೂ ಹೋಗಲಿ. ಬದಲಿಗೆ ನಿಜ ಬರೀರಿ: ಹೋದವಳು ಕನ್ನಡದವಳು, ಕನ್ನಡದ ಫಾರಂ ಹಿಡಿದು ಕನ್ನಡದಲ್ಲೇ ಕೇಳಿದೆ. ಆ ಅಮ್ಮ ‘ಕನ್ನಡ’ ಅಂದದ್ದರಲ್ಲಿ ನಿಮಗೆ ತೋರಿದ ಮರ್ಯಾದೆ ಎಷ್ಟೋ!

ಫಾರಂ ಇದ್ದ ಮಾತ್ರಕ್ಕೆ ಯಾರೂ ಪಾಸಿಟಿವಿಸ್ಟ್ ಆಗುವುದಿಲ್ಲ. ಜನ ತಮ್ಮ ಕೆಲಸಕ್ಕೆ ಕೊಡುವ ಅರ್ಥವನ್ನು ಹಿಡಿಯಬೇಕು ಅಂದ ಸಮಾಜಶಾಸ್ತ್ರಜ್ಞ ವೇಬರ್ ಕೂಡ 1904ರಲ್ಲಿ ಪ್ರಾಟೆಸ್ಟೆಂಟರ ಬಗ್ಗೆ ಬರೆಯುವಾಗ ಉದ್ಯೋಗದ ಅಂಕಿಅಂಶದಿಂದಲೇ ಶುರು ಮಾಡಿದ. ಯಾರನ್ನು ಮಾತಾಡಿಸಬೇಕು ಅಂತ ಆರಿಸಲು ಫಾರಂ ಬಳಸಿದೆ ಅಂತ ಬರೆದರೆ ಸಾಕು.

ಮಂಜೇಶ್ವರದಿಂದ:

ಫಾರಂ ವಿಷಯ ಒಪ್ಪಿದೆ. ಆದರೆ ‘ಅರ್ಥಗಾರಿಕೆ’ಯನ್ನು ಬಿಟ್ಟುಕೊಡಲಾರೆ. ಅರ್ಥಧಾರಿಗೂ ಪದ್ಯದ ಕಟ್ಟು ಇದೆ, ಎದುರು ಕೂತವನು ಕೇಳಿದ್ದಕ್ಕೆ ಉತ್ತರ ಕೊಡಲೇಬೇಕು. ಬಾಯಿಗೆ ಬಂದದ್ದು ಹೇಳಲು ಅಲ್ಲೂ ಆಗದು. ಎರಡನೇ ಮೆಟ್ಟಿಲು ಇಲ್ಲ ಅನ್ನಬೇಡಿ.

ಅಕ್ಕಲಕೋಟೆಯಿಂದ:

ತಾಳಮದ್ದಳೆ ನಮ್ಮ ಕಡೆ ಇಲ್ಲ ನೋಡ್ರಿ. ‘ಅರ್ಥಗಾರಿಕೆ’ ಅಂದರೆ ಇಲ್ಲಿ ಯಾರಿಗೂ ಹೊಳೆಯೂದಿಲ್ಲ. ನನಗ ‘ವ್ಯಾಖ್ಯಾನವಾದ’ದಲ್ಲೂ ತೊಂದರೆ ಕಾಣುತ್ತದೆ. ಮರಾಠಿಯಲ್ಲಿ ‘ವ್ಯಾಖ್ಯಾ’ ಅಂದರೆ ಡೆಫಿನಿಷನ್. ಎರಡೂ ಭಾಷೆ ಓದುವವರು ತಪ್ಪು ತಿಳಿಯುತ್ತಾರೆ.

ಬದಿಯಡ್ಕದಿಂದ:

ಸದ್ಯಕ್ಕೆ ‘ಪಾಸಿಟಿವಿಸಂ’ ಅಂತಲೂ ‘ಅರ್ಥೈಸುವ ನಿಲುವು’ ಅಂತಲೂ ಹಾಕಿದ್ದೇನೆ. ಶೇ. 64 ಹೋಯಿತು. ನಾಳೆ ಆ ಮನೆಗೆ ಮತ್ತೆ ಹೋಗುತ್ತಿದ್ದೇನೆ, ಈ ಸಲ ತುಳುವಿನಲ್ಲೇ ಕೇಳುತ್ತೇನೆ. ನನ್ನ ತುಳು ಕೇಳಿ ಅತ್ತೆ ನಗದಿದ್ದರೆ ಪುಣ್ಯ.