ಷೇರು ಸ್ಪ್ಯಾನ್: ಪಾಪ್ ಮಾಡಿದ ದಿನಗಳೆಲ್ಲ ಎಲ್ಲಿ ಹೋದವು?

ಪ್ರಶ್ನೆ (ನವೀನ್): ದಿನಕ್ಕೊಂದು ಬೆಲೆ ಬರುತ್ತದೆ, ಬಂದ ತಕ್ಷಣ ಸ್ಪ್ಯಾನ್ ಹೇಳಬೇಕು. ಅಂದರೆ ಇವತ್ತನ್ನೂ ಸೇರಿಸಿ ಹಿಂದಕ್ಕೆ ಸತತವಾಗಿ ಎಷ್ಟು ದಿನ ಬೆಲೆ ಇವತ್ತಿನಷ್ಟೇ ಅಥವಾ ಕಡಿಮೆ ಇತ್ತು ಅಂತ. ನಾನು ಸ್ಟ್ಯಾಕಿನಲ್ಲಿ ಬೆಲೆ ಮಾತ್ರ ಇಟ್ಟು, ಪಾಪ್ ಮಾಡಿದಾಗೆಲ್ಲ ಒಂದು ಕೂಡಿಸುತ್ತಿದ್ದೇನೆ. 31, 28, 28, 25, 27, 29, 35 ಕೊಟ್ಟರೆ 1, 1, 2, 1, 2, 3, 3 ಬರುತ್ತಿದೆ. ಮೊದಲ ಐದು ಸರಿ, ಆಮೇಲೆ ಕೆಟ್ಟಿದೆ. ಬೆಲೆ ಜೊತೆ ಎಣಿಕೆಯನ್ನೂ ಇಡಿ ಅನ್ನುತ್ತಾರೆ, ಯಾಕೆ ಅಂತ ತಲೆಗೆ ಹೋಗುತ್ತಿಲ್ಲ. ಒಳಗೆ `while` ಇದ್ದರೆ ನಿಧಾನ ಆಗಲ್ವಾ? ಮಾಡಿ ಅನುಭವ ಇರುವವರು ಹೇಳಿ.

ಶೈಲಾ: ನಿಮ್ಮ ಪಟ್ಟಿಯಲ್ಲಿ 29 ಬರುವ ಹೊತ್ತಿಗೆ ಸ್ಟ್ಯಾಕಿನಲ್ಲಿ ಏನಿದೆ ನೋಡಿ. 31, 28, 27, ಅಷ್ಟೇ. ಆದರೆ ಆಗಿರುವುದು ಐದು ದಿನ. ಇನ್ನೆರಡು ದಿನ ಎಲ್ಲಿ? ಮೂರನೇ ದಿನದ 28 ಬಂದಾಗ ಎರಡನೇ ದಿನದ 28 ಹೊರಗೆ ಹೋಯಿತು, 27 ಬಂದಾಗ 25 ಹೋಯಿತು. ಈಗ 29 ಬಂದು 27 ಮತ್ತು 28 ಎರಡನ್ನು ತೆಗೆದು, ನಾನು ಎರಡು ದಿನ ದಾಟಿದೆ ಅಂತ ಲೆಕ್ಕ ಹಾಕುತ್ತದೆ. ನಿಜವಾಗಿ ದಾಟಿದ್ದು ನಾಲ್ಕು ದಿನ. ಮೊದಲ ಐದು ಉತ್ತರ ಸರಿ ಬಂದದ್ದು ಅದೃಷ್ಟ ಅಷ್ಟೇ, ಯಾಕೆಂದರೆ ಅಲ್ಲಿಯವರೆಗೆ ಪಾಪ್ ಆದ ಯಾವ ಬೆಲೆಯೂ ತಾನು ಇನ್ನೊಂದನ್ನು ನುಂಗಿರಲಿಲ್ಲ.

ಎಣಿಕೆ ಇಡುವುದು ಅದಕ್ಕೇ. ತಾನು ನುಂಗಿದ್ದನ್ನು ಪ್ರತಿ ಬೆಲೆಯೂ ಜೊತೆಗೆ ಹೊತ್ತುಕೊಂಡಿರಬೇಕು. ಹಾಗೆ ಮಾಡಿದರೆ 29 ಬರುವ ಮುಂಚೆ ಸ್ಟ್ಯಾಕ್ ಹೀಗಿರುತ್ತದೆ: (31, 1), (28, 2), (27, 2). 29 ಮೊದಲು (27, 2) ತೆಗೆಯುತ್ತದೆ, ಆಮೇಲೆ (28, 2). 31 ದೊಡ್ಡದು, ಅಲ್ಲಿ ನಿಲ್ಲುತ್ತದೆ. ತನ್ನದೊಂದು, ಜೊತೆಗೆ ಎರಡು, ಇನ್ನೆರಡು, ಒಟ್ಟು 5. ಸ್ಟ್ಯಾಕಿನಲ್ಲಿ ಈಗ (31, 1), (29, 5). 35 ಬಂದಾಗ ಎರಡೂ ಹೋಗಿ 1 + 5 + 1, ಅಂದರೆ 7.

```python
class StockSpanner:
    def __init__(self):
        self.st = []

    def next(self, price):
        count = 1
        while self.st and self.st[-1][0] <= price:
            count += self.st.pop()[1]
        self.st.append((price, count))
        return count
```

ಇನ್ನು 25 ಅನ್ನು ಎಸೆದುಬಿಟ್ಟೆವಲ್ಲ, ಮುಂದೆ ಅದೇ ಬೇಕಾದರೆ ಅನ್ನುವ ಭಯ ಎಲ್ಲರಿಗೂ ಬರುತ್ತದೆ. ಬೇಕಾಗುವುದೇ ಇಲ್ಲ. ಮುಂದೆ ಬರುವ ಬೆಲೆ 27ಕ್ಕಿಂತ ಕಡಿಮೆ ಇದ್ದರೆ 27ರ ಹತ್ತಿರವೇ ನಿಂತುಬಿಡುತ್ತದೆ, 25ರ ತನಕ ಹೋಗುವುದೇ ಇಲ್ಲ. 27 ಅಥವಾ ಜಾಸ್ತಿ ಇದ್ದರೆ 25 ಅನ್ನು ಹೇಗೂ ದಾಟುತ್ತದೆ. ಎರಡು ಕಡೆಯೂ 25ರ ಬೆಲೆ ಎಷ್ಟಿತ್ತು ಅನ್ನುವುದು ಮುಖ್ಯ ಅಲ್ಲ. ಅಲ್ಲೊಂದು ದಿನ ಇತ್ತು ಅನ್ನುವುದಷ್ಟೇ ಬೇಕು.

ಕಿರಣ್: ಎಣಿಕೆ ಎಲ್ಲ ಸುಮ್ನೆ ತಲೆನೋವು. ದಿನದ ಇಂಡೆಕ್ಸ್ ಇಟ್ಟರೆ ಸಾಕು. ಪಾಪ್ ಎಲ್ಲ ಮುಗಿದ ಮೇಲೆ ಇವತ್ತಿನ ಇಂಡೆಕ್ಸ್‌ನಿಂದ ಮೇಲಿರುವ ಇಂಡೆಕ್ಸ್ ಕಳೆದರೆ ಅದೇ ಸ್ಪ್ಯಾನ್. ಕೂಡುವ ಕೆಲಸವೇ ಇಲ್ಲ. ಮತ್ತೆ ನಿಧಾನದ ಚಿಂತೆ ಬೇಡ, ಪ್ರತಿ ಕಾಲ್ O(1).

ಶೈಲಾ: ಇಂಡೆಕ್ಸ್ ದಾರಿ ಸರಿಯೇ, ಕಿರಣ್. ಇವತ್ತು ಎಷ್ಟನೇ ದಿನ ಅಂತ ಬೇರೆ ಲೆಕ್ಕ ಇಡಬೇಕು, ಸ್ಟ್ಯಾಕ್ ಖಾಲಿಯಾದಾಗ ಯಾವುದರಿಂದ ಕಳೆಯಬೇಕು ಅಂತ ನೋಡಿಕೊಳ್ಳಬೇಕು, ಅಷ್ಟೇ ವ್ಯತ್ಯಾಸ. ಆದರೆ ಪ್ರತಿ ಕಾಲ್ O(1) ಅಲ್ಲ. 9,999 ದಿನ ಬೆಲೆ ಇಳಿಯುತ್ತಲೇ ಹೋಗಿ 10,000ನೇ ದಿನ ಎಲ್ಲಕ್ಕಿಂತ ಮೇಲೆ ಏರಿತು ಅಂದುಕೊಳ್ಳಿ. ಆ ಒಂದು ಕಾಲ್ 9,999 ಸಲ ಪಾಪ್ ಮಾಡುತ್ತದೆ. ಅದಾದ ಮೇಲೆ ಸ್ಟ್ಯಾಕಿನಲ್ಲಿ ಉಳಿಯುವುದು ಒಂದೇ ಜೋಡಿ, ಹಾಗಾಗಿ ಮುಂದಿನ ಕಾಲ್‌ಗೆ ಕೆಲಸವೇ ಇರುವುದಿಲ್ಲ. ಒಂದು ಜೋಡಿ ಒಳಗೆ ಹೋಗುವುದು ಒಂದು ಸಲ, ಹೊರಗೆ ಬರುವುದು ಹೆಚ್ಚೆಂದರೆ ಒಂದು ಸಲ. 10,000 ಕಾಲ್‌ಗಳಿಗೆ ಒಟ್ಟು 20,000 ಕೆಲಸ ದಾಟುವುದಿಲ್ಲ. ಸರಾಸರಿ ಸ್ಥಿರ, ಒಂದೊಂದು ಕಾಲ್ ಸ್ಥಿರ ಅಲ್ಲ.

ಮಂಜು: ನಾನು ಇದನ್ನು ವಿಂಗಡಿಸಿದ ಲಿಸ್ಟ್ ಇಟ್ಟು ಬೈನರಿ ಸರ್ಚ್‌ನಲ್ಲಿ ಮಾಡಿದೆ. ಇವತ್ತಿನ ಬೆಲೆಗಿಂತ ಕಡಿಮೆ ಇರುವ ಹಳೆಯ ದಿನಗಳು ಎಷ್ಟು ಅಂತ ನೇರವಾಗಿ ಸಿಗುತ್ತದೆ. ಸ್ಟ್ಯಾಕ್ ಯಾಕೆ ಬೇಕು?

ಗಿರಿಜಾ: ಮಂಜು ಸರ್, ನೀವು ಬೇರೆ ಪ್ರಶ್ನೆಗೆ ಉತ್ತರ ಬರೆದಿದ್ದೀರಿ 🙂 ಇಲ್ಲಿ "ಸತತವಾಗಿ" ಅನ್ನುವ ಪದವೇ ಜೀವ. 10, 50, 20 ಬಂದರೆ ಮೂರನೇ ದಿನ ನಿಮ್ಮ ಲಿಸ್ಟ್ 10 ಅನ್ನೂ ಸೇರಿಸಿ 2 ಅನ್ನುತ್ತದೆ. ಸರಿ ಉತ್ತರ 1, ನಡುವೆ 50 ಗೋಡೆ ಹಾಗೆ ನಿಂತಿದೆ.

ನವೀನ್, ನನ್ನ ಕಥೆ ಕೇಳಿ. ಜೋಡಿ ಇಟ್ಟೆ, `<=` ಹಾಕಿದೆ, ಎಲ್ಲ ಸರಿ ಮಾಡಿದೆ. ನನ್ನ ಮಷಿನ್‌ನಲ್ಲಿ ಸರಿ ಉತ್ತರ. ಸಂದರ್ಶನದಲ್ಲಿ ಅವರು ರನ್ ಮಾಡಿದಾಗ ಮೊದಲನೇ ಟೆಸ್ಟ್ ಪಾಸ್, ಎರಡನೆಯದರಲ್ಲಿ ಮೊದಲ ಉತ್ತರವೇ 8! ಮೊದಲ ದಿನದ ಸ್ಪ್ಯಾನ್ 1 ಬಿಟ್ಟು ಬೇರೆ ಆಗುವುದಕ್ಕೆ ಸಾಧ್ಯವೇ ಇಲ್ಲ ಅಲ್ವಾ? ಹತ್ತು ನಿಮಿಷ `while` ಸಾಲನ್ನೇ ದಿಟ್ಟಿಸುತ್ತಾ ಕೂತಿದ್ದೆ. ತಪ್ಪು ಅಲ್ಲಿರಲೇ ಇಲ್ಲ. `st = []` ಅನ್ನು `__init__` ಒಳಗೆ ಬರೆಯುವ ಬದಲು ಕ್ಲಾಸಿನ ಕೆಳಗೆ ನೇರವಾಗಿ ಬರೆದಿದ್ದೆ. ಹಾಗೆ ಬರೆದರೆ ಎಲ್ಲ ಆಬ್ಜೆಕ್ಟ್‌ಗಳಿಗೂ ಒಂದೇ ಲಿಸ್ಟ್, ಹಿಂದಿನ ಟೆಸ್ಟಿನ ಜೋಡಿಗಳು ಅಲ್ಲೇ ಕೂತಿದ್ದವು. ಆ ಕೆಲಸ ಸಿಗಲಿಲ್ಲ, ಅದು ಬೇರೆ ಮಾತು.

ಶೈಲಾ: ಗಿರಿಜಾ ಅವರ ತಪ್ಪನ್ನೂ ನವೀನ್ ಅವರ ತಪ್ಪನ್ನೂ ಒಂದೇ ಸಾಲಿನಲ್ಲಿ ಹಿಡಿಯಬಹುದು. ಸ್ಟ್ಯಾಕಿನಲ್ಲಿರುವ ಎಲ್ಲ ಎಣಿಕೆಗಳನ್ನು ಕೂಡಿದರೆ ಇಲ್ಲಿಯವರೆಗೆ ಬಂದ ದಿನಗಳ ಸಂಖ್ಯೆಯೇ ಬರಬೇಕು, ಯಾವಾಗಲೂ. 29 ಬಂದ ಮೇಲೆ (31, 1), (29, 5), ಮೊತ್ತ 6, ಆಗಿರುವುದು ಆರು ದಿನ. ಪರೀಕ್ಷೆ ಮಾಡುವಾಗ ದಿನಗಳನ್ನು `self.days` ಅಂತ ಎಣಿಸಿಟ್ಟು ಪ್ರತಿ ಕಾಲ್ ಕೊನೆಗೆ, `return` ಸಾಲಿಗಿಂತ ಮುಂಚೆ, ಇದನ್ನು ಹಾಕಿ:

```python
assert sum(c for _, c in self.st) == self.days
```

ಮೊತ್ತ ಕಡಿಮೆ ಬಂದರೆ ಎಲ್ಲೋ ಎಣಿಕೆ ಬದಲು 1 ಕೂಡಿಸಿದ್ದೀರಿ. ಜಾಸ್ತಿ ಬಂದರೆ ಹಳೆಯ ಸ್ಟ್ಯಾಕ್ ಉಳಿದುಕೊಂಡಿದೆ, ಇಲ್ಲಾ ಎಣಿಕೆ ಕೂಡಿಸಿ ಪಾಪ್ ಮಾಡದೆ ಬಿಟ್ಟಿದ್ದೀರಿ. `while` ಬದಲು `if` ಬರೆದಿದ್ದರೆ ಇದು ಹಿಡಿಯುವುದಿಲ್ಲ, ಮೊತ್ತ ಸರಿಯಾಗೇ ಇರುತ್ತದೆ. ಅದಕ್ಕೆ ಬೆಲೆಗಳು ಕೆಳಗಿನಿಂದ ಮೇಲಕ್ಕೆ ಇಳಿಯುತ್ತಲೇ ಇವೆಯಾ ಅಂತ ನೋಡಬೇಕು. ಪರೀಕ್ಷೆ ಮುಗಿದ ಮೇಲೆ ಆ ಸಾಲು ತೆಗೆಯಿರಿ, ಪ್ರತಿ ಸಲ ಇಡೀ ಸ್ಟ್ಯಾಕ್ ಓದಿದರೆ ಉಳಿಸಿದ ಸಮಯವೆಲ್ಲ ಅಲ್ಲೇ ಹೋಗುತ್ತದೆ.

ನವೀನ್: ಹಾಕಿದೆ, ನನ್ನ ಹಳೆಯ ಕೋಡ್‌ಗೆ ಎಣಿಕೆ ಎಲ್ಲ 1 ಅಂತ ಇಟ್ಟು ಓಡಿಸಿದರೆ ಮೂರನೇ ದಿನವೇ ಸಿಕ್ಕಿಬಿತ್ತು. ಉತ್ತರ ಸರಿ ಇದ್ದಾಗಲೇ! ಒಂದು ಸಂದೇಹ. ಸಮ ಬೆಲೆ ಬಂದರೆ ಪಾಪ್ ಮಾಡದೆ `<` ಹಾಕಿದರೆ ಏನಾಗುತ್ತದೆ?

ಶೈಲಾ: ನಿಮ್ಮ ಪ್ರಶ್ನೆಗೆ ತಪ್ಪು ಉತ್ತರ ಬರುತ್ತದೆ, ಮೂರನೇ ದಿನ 2 ಬದಲು 1. ಇನ್ನೊಂದು ಪರಿಣಾಮವನ್ನು ಯಾರೂ ಹೇಳುವುದಿಲ್ಲ. `<=` ಇದ್ದರೆ ಒಂದೇ ಬೆಲೆ ಸ್ಟ್ಯಾಕಿನಲ್ಲಿ ಎರಡು ಸಲ ಇರುವುದಿಲ್ಲ. ಬೆಲೆ 1ರಿಂದ 1,000ದ ಒಳಗಿನ ಪೂರ್ಣಾಂಕ ಅಂತ ಗೊತ್ತಿದ್ದರೆ, ಕೋಟಿ ದಿನ ಓಡಿದರೂ ಸ್ಟ್ಯಾಕ್ 1,000 ಜೋಡಿ ದಾಟುವುದಿಲ್ಲ. `<` ಹಾಕಿ, ಬೆಲೆ ಒಂದೇ ಕಡೆ ನಿಂತಿತೋ, ಸ್ಟ್ಯಾಕ್ ಬೆಳೆಯುತ್ತಲೇ ಇರುತ್ತದೆ. (ಈ ಸ್ಟಾಕ್, ಸ್ಟ್ಯಾಕ್ ಎರಡನ್ನೂ ಒಟ್ಟಿಗೆ ಬರೆದು ಸಾಕಾಗಿದೆ, ಅದಕ್ಕೇ ನಾನು ಷೇರು ಅನ್ನುವುದು.)

ದಯಾನಂದ: ನನ್ನ ತೊಂದರೆ ಸ್ವಲ್ಪ ಬೇರೆ. ನಮಗೆ ಬರುವ ಬೆಲೆ ಒಮ್ಮೊಮ್ಮೆ ತಪ್ಪಾಗಿರುತ್ತದೆ, ಸ್ವಲ್ಪ ಹೊತ್ತಿನ ನಂತರ ತಿದ್ದಿದ ಬೆಲೆ ಕಳಿಸುತ್ತಾರೆ. 29 ಅಂತ ಬಂದದ್ದು ಆಮೇಲೆ 26 ಆಯಿತು ಅನ್ನಿ. ಅಷ್ಟರಲ್ಲಿ 29 ಬಂದು 27, 28 ಎರಡನ್ನೂ ತಿಂದು ಮುಗಿಸಿದೆ. (29, 5) ಅನ್ನು ಬಿಚ್ಚಿ ಮತ್ತೆ (28, 2), (27, 2) ಮಾಡುವುದು ಹೇಗೆ? 5 ಅನ್ನು ನೋಡಿದರೆ ಅದು ಗೊತ್ತಾಗುವುದಿಲ್ಲ.

ಕಿರಣ್: ಪಾಪ್ ಆದದ್ದನ್ನೆಲ್ಲ ಒಂದು ಬದಿಯ ಲಿಸ್ಟಿನಲ್ಲಿ ಇಟ್ಟುಕೊಳ್ಳಿ, ಬೇಕಾದಾಗ ವಾಪಸ್ ಹಾಕಿ.

ಶೈಲಾ: ಆಗುತ್ತದೆ, ಆದರೆ ನಾನು ಹೇಳಿದ 20,000 ಲೆಕ್ಕ ಅಲ್ಲಿ ಮುರಿಯುತ್ತದೆ. 10,000ನೇ ದಿನದ ಬೆಲೆಯನ್ನು ಏರಿಸಿ, ತಿದ್ದಿ, ಮತ್ತೆ ಏರಿಸಿ ಅಂತ ನೂರು ಸಲ ಮಾಡಿದರೆ ಪ್ರತಿ ಸಲವೂ 9,999 ಪಾಪ್, 9,999 ವಾಪಸ್. ಇಲ್ಲಿ ಕಿರಣ್ ಅವರ ಇಂಡೆಕ್ಸೇ ಕೈಹಿಡಿಯುತ್ತದೆ. ಸ್ಟ್ಯಾಕಿನಲ್ಲಿ ಬೆಲೆಗಳು ಇಳಿಯುವ ಕ್ರಮದಲ್ಲೇ ಇರುವುದರಿಂದ, ಎಲ್ಲಿ ನಿಲ್ಲಬೇಕು ಅಂತ ಬೈನರಿ ಸರ್ಚ್‌ನಲ್ಲಿ ಹುಡುಕಬಹುದು. ಏನನ್ನೂ ಪಾಪ್ ಮಾಡಬೇಡಿ. ಸ್ಟ್ಯಾಕ್ ಇಲ್ಲಿಗೆ ಮುಗಿಯಿತು ಅನ್ನುವ ಒಂದು ಸಂಖ್ಯೆಯನ್ನು ಮಾತ್ರ ಹಿಂದೆ ಸರಿಸಿ, ಹೊಸ ಬೆಲೆಯನ್ನು ಆ ಒಂದು ಜಾಗದ ಮೇಲೆ ಬರೆಯಿರಿ. 29 ಬಂದಾಗ ಅಳಿಯುವುದು 28 ಇದ್ದ ಜಾಗ ಒಂದೇ, 27 ಹಾಗೇ ಇರುತ್ತದೆ. ಅಳಿದ ಆ ಒಂದು ಜೋಡಿ ಮತ್ತು ಹಳೆಯ ಉದ್ದ, ಇವೆರಡನ್ನು ದಿನಕ್ಕೊಂದರಂತೆ ಬರೆದಿಟ್ಟರೆ ಕೊನೆಯ ದಿನವನ್ನು ಒಂದೇ ಏಟಿಗೆ ವಾಪಸ್ ತರಬಹುದು. ಆಮೇಲೆ 26 ಹಾಕಿ, 27 ದೊಡ್ಡದು, ಉತ್ತರ 1.

ದಯಾನಂದ: ಇವತ್ತಿನ ಬೆಲೆಗೆ ಇದು ಚೆನ್ನಾಗಿದೆ ಮೇಡಂ. ಆದರೆ ನನಗೆ ತಿದ್ದುಪಡಿ ಬರುವುದು ಕೆಲವೊಮ್ಮೆ ನಲವತ್ತು ದಿನ ಹಳೆಯದಕ್ಕೆ.

ಶೈಲಾ: ಹಾಗಾದರೆ ನಲವತ್ತು ದಿನ ಹಿಂದಕ್ಕೆ ಬಿಚ್ಚಿ ಮತ್ತೆ ಹಾಕಬೇಕು. ಇನ್ನೂ ಹಳೆಯದು ಜಾಸ್ತಿ ಬರುತ್ತಿದ್ದರೆ ಸ್ಟ್ಯಾಕ್ ಬಿಟ್ಟು ಸೆಗ್ಮೆಂಟ್ ಟ್ರೀಯಲ್ಲಿ ಗರಿಷ್ಠ ಬೆಲೆ ಇಡಿ, ಯಾವ ದಿನವನ್ನು ಬೇಕಾದರೂ ತಿದ್ದಿ ಯಾವ ದಿನದ ಸ್ಪ್ಯಾನ್ ಬೇಕಾದರೂ ಕೇಳಬಹುದು. ಆದರೆ ನೀವು ಆಗಲೇ ಕಳಿಸಿಬಿಟ್ಟ ಉತ್ತರಗಳಿವೆಯಲ್ಲ? ಒಂದು ಹಳೆಯ ದಿನ ಬದಲಾದರೆ ಅದರ ನಂತರದ ಎಷ್ಟೋ ದಿನಗಳ ಸ್ಪ್ಯಾನ್ ತಪ್ಪಾಗುತ್ತದೆ. ಅವನ್ನೆಲ್ಲ ಮತ್ತೆ ಕಳಿಸುತ್ತೀರಾ?

ದಯಾನಂದ: ಅದನ್ನೇ ನಮ್ಮಲ್ಲಿ ಇನ್ನೂ ಯಾರೂ ತೀರ್ಮಾನ ಮಾಡಿಲ್ಲ. ಸದ್ಯಕ್ಕೆ ರಾತ್ರಿ ಒಂದು ಸಲ ಎಲ್ಲವನ್ನೂ ಮೊದಲಿಂದ ಓಡಿಸುತ್ತಿದ್ದೇವೆ.

ಮಂಜು: ಗಿರಿಜಾ ಮೇಡಂ, 10, 50, 20 ಓಡಿಸಿ ನೋಡಿದೆ. 2 ಬಂತು.