ಪದಚರ್ಚೆ: ‘ಮಕ್ಕೀ’, ‘ಮದನೀ’ ಎಂಬುವು ಊರನ್ನು ಹೇಳುತ್ತವೆಯೇ, ಕಾಲವನ್ನೇ?

ಪ್ರಶ್ನೆ

ಮಾನ್ಯರೆ,

ಕುರ್‌ಆನ್ ಕುರಿತ ಲೇಖನವೊಂದರ ಕರಡನ್ನು ತಿದ್ದುತ್ತಿದ್ದೇನೆ. ಲೇಖಕರು ‘ಮಕ್ಕೀ’ ಎಂದರೆ ಮಕ್ಕಾದಲ್ಲಿ ಅವತೀರ್ಣವಾದ ಅಧ್ಯಾಯ, ‘ಮದನೀ’ ಎಂದರೆ ಮದೀನಾದಲ್ಲಿ ಅವತೀರ್ಣವಾದದ್ದು ಎಂದು ಬಿಡಿಸಿ ಬರೆದಿದ್ದಾರೆ. ಎರಡು ಪುಟ ದಾಟಿದ ಮೇಲೆ, ಐದನೆಯ ಅಧ್ಯಾಯವಾದ ಅಲ್-ಮಾಇದಾದ ಮೂರನೆಯ ವಚನದಲ್ಲಿ ಬರುವ ‘ಇಂದು ನಿಮ್ಮ ಧರ್ಮವನ್ನು ನಿಮಗಾಗಿ ಪೂರ್ಣಗೊಳಿಸಿದ್ದೇನೆ’ ಎಂಬ ಮಾತು ಪ್ರವಾದಿಯವರ ವಿದಾಯದ ಹಜ್ಜಿನಲ್ಲಿ, ಮಕ್ಕಾದ ಸಮೀಪದ ಅರಫಾತ್ ಬಯಲಿನಲ್ಲಿ ಅವತೀರ್ಣವಾಯಿತು ಎಂದು ಹೇಳಿ, ಅದನ್ನು ಮದನೀ ಎಂದು ಕರೆದಿದ್ದಾರೆ. ಅರ್ಥವಿವರಣೆ ತಪ್ಪೇ, ಉದಾಹರಣೆ ತಪ್ಪೇ? ಕನ್ನಡದಲ್ಲಿ ಈ ಪದಗಳನ್ನು ಹೇಗೆ ಬಿಡಿಸಬೇಕು?

ಸಾಗರದಿಂದ

ಮಕ್ಕಿ ಎಂದರೆ ನಮ್ಮ ಕಡೆ ಎತ್ತರದ, ಮಳೆಯನ್ನೇ ನಂಬಿದ ಗದ್ದೆ. ಲಿಂಗನಮಕ್ಕಿಯ ಹೆಸರಿನಲ್ಲಿ ಉಳಿದಿರುವುದೂ ಅದೇ ಇರಬೇಕು. ನಮ್ಮ ಮನೆಯ ಎರಡು ಮಕ್ಕಿ ಗದ್ದೆಗಳಲ್ಲಿ ಈಗ ಅಡಿಕೆ ಇದೆ. ವಿಷಯದ ಸಾಲಿನಲ್ಲಿ ‘ಮಕ್ಕೀ’ ಎಂದು ಕಂಡು ಈ ಚರ್ಚೆ ಅದರದ್ದೇ ಎಂದುಕೊಂಡೆ. ಇಲ್ಲಿ ಕೊನೆಯ ಅಕ್ಷರವನ್ನು ದೀರ್ಘವಾಗಿಯೇ ಬರೆಯುವುದು ಒಳ್ಳೆಯದು.

ಉಳ್ಳಾಲದಿಂದ

ನಮ್ಮೂರಿನ ದರ್ಗಾದ ಹೆಸರಿನಲ್ಲಿಯೂ ‘ಮದನಿ’ ಇದೆ; ಅವರು ಮದೀನಾದಿಂದ ಬಂದವರೆಂಬ ನಂಬಿಕೆ. ಆದ್ದರಿಂದ ಈ ಪದ ಊರನ್ನೇ ಹೇಳುತ್ತದೆ. ಅಧ್ಯಾಯಗಳನ್ನು ಗುರುತಿಸುವುದೂ ಕಷ್ಟವಲ್ಲ: ವಚನಗಳು ಚಿಕ್ಕದಾಗಿ ಪ್ರಾಸಬದ್ಧವಾಗಿದ್ದರೆ ಮಕ್ಕೀ, ಉದ್ದವಾಗಿ ಕಾನೂನು ಹೇಳಿದರೆ ಮದನೀ, ‘ಓ ಜನರೇ’ ಎಂದು ಕರೆದರೆ ಮಕ್ಕೀ, ‘ಓ ವಿಶ್ವಾಸಿಗಳೇ’ ಎಂದು ಕರೆದರೆ ಮದನೀ.

ಅರಬ್ಬಿ ಕಲಿಸುವವರೊಬ್ಬರಿಂದ

ಉಳ್ಳಾಲದವರು ವ್ಯಕ್ತಿಯ ಹೆಸರಿನ ಮಟ್ಟಿಗೆ ಹೇಳಿದ್ದು ಸರಿ. ಅಧ್ಯಾಯಗಳ ವಿಷಯದಲ್ಲಿ ಮಾತ್ರ ವಿದ್ವಾಂಸರ ರೂಢಿ ಬೇರೆ. ಊರನ್ನೇ ಅಳತೆಯಾಗಿ ಹಿಡಿದವರೂ, ಯಾರನ್ನು ಉದ್ದೇಶಿಸಿ ಹೇಳಿದ್ದು ಎಂಬುದನ್ನು ಹಿಡಿದವರೂ ಹಿಂದೆ ಇದ್ದರು. ಆದರೆ ಸುಯೂತಿಯಂಥವರು ಈ ಮೂರನ್ನೂ ಎಣಿಸಿ, ಹೆಚ್ಚು ಪ್ರಸಿದ್ಧವಾದದ್ದು ಕಾಲದ ಅಳತೆಯೆಂದು ಹೇಳಿದ್ದಾರೆ. ಪ್ರವಾದಿಯವರು ಮಕ್ಕಾ ಬಿಟ್ಟು ಮದೀನಾಕ್ಕೆ ಹೋದ 622ರ ಹಿಜ್ರಾಕ್ಕೆ ಮೊದಲಿನದು ಮಕ್ಕೀ, ಅನಂತರದ್ದು ಎಲ್ಲಿಯೇ ಅವತೀರ್ಣವಾಗಿರಲಿ ಮದನೀ. ವಿದಾಯದ ಹಜ್ಜು ನಡೆದದ್ದು 632ರಲ್ಲಿ. ಆದ್ದರಿಂದ ತಮ್ಮ ಲೇಖಕರ ಉದಾಹರಣೆ ಸರಿಯಾಗಿದೆ, ವಿವರಣೆ ತಪ್ಪಿದೆ.

ಗುರುತುಗಳ ಮಾತಿಗೆ ಬಂದರೆ, ಅವು ಒಂದೇ ತೂಕದವಲ್ಲ. ‘ಕಲ್ಲಾ’, ಅಂದರೆ ‘ಖಂಡಿತ ಇಲ್ಲ’ ಎಂಬ ಗದರಿಕೆಯ ಪದ 33 ಕಡೆ, 15 ಅಧ್ಯಾಯಗಳಲ್ಲಿ ಬರುತ್ತದೆ. ಆ ಅಧ್ಯಾಯಗಳನ್ನೆಲ್ಲ ಮಕ್ಕೀ ಎಂದೇ ಎಣಿಸುತ್ತಾರೆ. ಪುನರುತ್ಥಾನವನ್ನು ಅಲ್ಲಗಳೆಯುತ್ತಿದ್ದ ಮಕ್ಕಾದ ಕುರೈಶ್ ಕುಲದವರಿಗೆ ಎದುರುತ್ತರ ಕೊಡುವ ಸಂದರ್ಭಕ್ಕೆ ಆ ಗದರಿಕೆ ಹೊಂದುತ್ತದೆ. ಆದರೆ ‘ಓ ಜನರೇ’ ಎಂಬ ಕರೆ ಮದನೀಯಾದ ಅಲ್-ಬಕರಾದ 21ನೆಯ ವಚನದಲ್ಲಿಯೂ ಇದೆ. ಉದ್ದವಂತೂ ಇನ್ನೂ ಮೋಸಗೊಳಿಸುತ್ತದೆ: ಮೂರೇ ವಚನಗಳ ಅನ್-ನಸ್ರ್ ಮದನೀ, 165 ವಚನಗಳ ಅಲ್-ಅನ್‌ಆಮ್ ಮಕ್ಕೀ.

ಶೈಲಿ, ವಸ್ತು, ಸಂದರ್ಭ ಮೂರೂ ಒಂದಕ್ಕೊಂದು ಹೊಂದದ ಕಡೆ ಏನಾಗುತ್ತದೆ ಎಂಬುದಕ್ಕೆ 73ನೆಯ ಅಧ್ಯಾಯ ಅಲ್-ಮುಝ್ಝಮ್ಮಿಲ್ ನೋಡಿ. ಅದರ ಮೊದಲ 19 ವಚನಗಳು ಚಿಕ್ಕವು. ಇರುಳೆದ್ದು ಪ್ರಾರ್ಥಿಸಬೇಕೆಂದು ಪ್ರವಾದಿಯವರಿಗೆ ಹೇಳುತ್ತವೆ. 20ನೆಯದು ಒಂದೇ ವಚನವಾದರೂ ಹಿಂದಿನ ಹಲವು ವಚನಗಳಷ್ಟು ಉದ್ದವಿದ್ದು, ಆ ಕಟ್ಟಳೆಯನ್ನು ಸಡಿಲಿಸುತ್ತದೆ, ಝಕಾತ್ ಎಂಬ ಕಡ್ಡಾಯ ದಾನ ಕೊಡಿ ಎನ್ನುತ್ತದೆ, ದೇವರ ಮಾರ್ಗದಲ್ಲಿ ಹೋರಾಡುವವರನ್ನು ಹೆಸರಿಸುತ್ತದೆ. ಯುದ್ಧಕ್ಕೆ ಅನುಮತಿ ಸಿಕ್ಕಿದ್ದು ಹಿಜ್ರಾದ ಅನಂತರವಾದ್ದರಿಂದ, ಅಧ್ಯಾಯ ಮಕ್ಕೀ, ಕೊನೆಯ ವಚನ ಮಾತ್ರ ಮದನೀ ಎಂದು ಅನೇಕರು ಹೇಳುತ್ತಾರೆ. ಆದರೆ ಇಮಾಮ್ ಮುಸ್ಲಿಮ್ ಅವರ ಹದೀಸ್ ಸಂಗ್ರಹದಲ್ಲಿರುವ, ಪ್ರವಾದಿಯವರ ಪತ್ನಿ ಆಯಿಶಾ ಅವರ ಹೇಳಿಕೆಯಂತೆ, ಅಧ್ಯಾಯದ ಆರಂಭಕ್ಕೂ ಕೊನೆಗೂ ನಡುವಿನ ಅಂತರ ಹನ್ನೆರಡು ತಿಂಗಳು. ಹಾಗಾದರೆ ಅದೂ ಹಿಜ್ರಾಕ್ಕೆ ಮುಂಚಿನದಾಗಬೇಕು. ಜೊತೆಗೆ ಆ ವಚನ ‘ಹೋರಾಡುವವರೂ ನಿಮ್ಮಲ್ಲಿ ಇರುವರು’ ಎಂದು ಮುಂದಾಗುವುದನ್ನು ಹೇಳುತ್ತದೆ. ಝಕಾತಿನ ಪ್ರಸ್ತಾಪವೂ ನಿರ್ಣಾಯಕವಲ್ಲ, ಏಕೆಂದರೆ ಮಕ್ಕೀ ಎಂದೇ ಎಣಿಸುವ 23ನೆಯ ಅಧ್ಯಾಯದ 4ನೆಯ ವಚನದಲ್ಲಿ ಅದು ಇದೆ. ನನ್ನ ಒಲವು ಹೇಳಿಕೆಯ ಕಡೆಗಿದೆ. ಶೈಲಿ ನೋಡಿ ಕಾಲ ಕಟ್ಟುವವರು ಒಪ್ಪಲಾರರು.

ಪ್ರಶ್ನೆ ಕೇಳಿದವರಿಂದ

ಧನ್ಯವಾದಗಳು. ಹಾಗಾದರೆ ‘ಹಿಜ್ರಾಪೂರ್ವ’, ‘ಹಿಜ್ರೋತ್ತರ’ ಎಂದೇ ಅನುವಾದಿಸಿಬಿಡಲೇ?

ಅರಬ್ಬಿ ಕಲಿಸುವವರಿಂದ

ಬೇಡವೆಂದು ನನ್ನ ಸಲಹೆ. ಅಧ್ಯಾಯಗಳ ತಲೆಬರಹದಲ್ಲಿ ಓದುಗರು ಕಾಣುವುದು ‘ಮಕ್ಕೀ’, ‘ಮದನೀ’ ಎಂಬ ಮಾತುಗಳನ್ನೇ. ಅವನ್ನು ಹಾಗೆಯೇ ಇಟ್ಟು, ಮೊದಲ ಬಾರಿ ಬಂದಲ್ಲಿ ‘ಹಿಜ್ರಾಕ್ಕೆ ಮುಂಚಿನ ಕಾಲದ’ ಎಂದು ಒಮ್ಮೆ ಬಿಡಿಸಿದರೆ ಸಾಕು. ಮದೀನಾದಿಂದ ‘ಮದೀನೀ’ ಆಗದೆ ‘ಮದನೀ’ ಆಗುವುದು ಅರಬ್ಬಿಯ ಕ್ರಮ; ಕರಡಚ್ಚು ತಿದ್ದುವವರು ಅದನ್ನು ತಪ್ಪೆಂದು ತಿದ್ದದಂತೆ ಅಂಚಿನಲ್ಲಿ ಒಂದು ಗುರುತು ಹಾಕಿಡಿ.