ಚೆಕ್ ವಾಪಸ್ ಬಂತು, ಮೆಮೊದಲ್ಲಿ ‘01’ ಅಂತಿದೆ. ಈಗೇನು?

ಪ್ರಶ್ನೆ (ಹಾವೇರಿಯ ಪೈಪ್ ಅಂಗಡಿಯವರು): ಬಳ್ಳಾರಿಯ ಗುತ್ತಿಗೆದಾರರೊಬ್ಬರು 48,000 ರೂಪಾಯಿ ಬಾಕಿಗೆ ಫೆಬ್ರವರಿ 2ರ ತಾರೀಕಿನ ಚೆಕ್ ಕೊಟ್ಟಿದ್ದರು. ಮಾರ್ಚ್ 6ಕ್ಕೆ ವಾಪಸ್ ಬಂತು. ಮೆಮೊದಲ್ಲಿ 01 ಅಂತಿದೆ. ನನ್ನ ಖಾತೆಯಿಂದಲೇ 177 ರೂಪಾಯಿ ಕಡಿತ ಆಗಿದೆ, ತಪ್ಪು ನನ್ನದಾ? ಅವರು ‘ಮುಂದಿನ ವಾರ ಮತ್ತೆ ಹಾಕಿ’ ಅಂತಾರೆ. ಏನು ಮಾಡಲಿ?

ನಿವೃತ್ತ ಬ್ಯಾಂಕ್ ಅಧಿಕಾರಿ: 01 ಅಂದ್ರೆ ಅವರ ಖಾತೆಯಲ್ಲಿ ಸಾಕಷ್ಟು ಹಣ ಇರಲಿಲ್ಲ. ಮೊದಲು ಒಂದು ಕೆಲಸ ಮಾಡಿ. ಮೆಮೊ ಮೇಲೆ ಬ್ಯಾಂಕಿನ ಸೀಲು ಇದೆಯಾ, ಚೆಕ್ ನಂಬರ್, ಮೊತ್ತ ಸರಿಯಾಗಿದೆಯಾ ನೋಡಿ. ಕೋರ್ಟಿನಲ್ಲಿ ಚೆಕ್ ಅಮಾನ್ಯವಾಯಿತು ಅನ್ನಲು ಈ ಚೀಟಿಯೇ ಮೊದಲ ಸಾಕ್ಷಿ. ಸೀಲಿಲ್ಲದ ಮೆಮೊ ತಂದು ನಂತರ ಬ್ರಾಂಚಿಗೆ ಅಲೆದವರನ್ನು ನಾನೇ ಕೌಂಟರಿನಲ್ಲಿ ನೋಡಿದ್ದೇನೆ. ಚೆಕ್ಕಿಗೆ ಪಿನ್ ಹೊಡೆಯಬೇಡಿ, ಅದರ ಮೇಲೆ ಏನೂ ಬರೆಯಬೇಡಿ.

177 ಅಂದ್ರೆ 150 ಶುಲ್ಕ, ಜೊತೆಗೆ 18% ಜಿಎಸ್‌ಟಿ ಇರಬೇಕು. ಹಣ ಪಡೆಯುವವರಿಗೂ ಬ್ಯಾಂಕುಗಳು ಶುಲ್ಕ ಹಾಕುತ್ತವೆ. ಬರೆದವರಿಗೆ ಸಾಮಾನ್ಯವಾಗಿ ಇದಕ್ಕಿಂತ ಜಾಸ್ತಿ. ದರ ಒಂದೊಂದು ಬ್ಯಾಂಕಿಗೆ ಒಂದೊಂದು.

ದಾವಣಗೆರೆಯ ಹಿರಿಯರು: ಹಣ ಕೊಡಿ ಅಂತ ಚೆಕ್ ಬರೆದವರಿಗೆ ನೋಟಿಸ್ 15 ದಿನದೊಳಗೆ ಕಳಿಸಲೇಬೇಕು, ತಡ ಮಾಡಬೇಡಿ. ನಾನು ಕಳಿಸಿ ಗೆದ್ದಿದ್ದೇನೆ.

ನಿವೃತ್ತ ಬ್ಯಾಂಕ್ ಅಧಿಕಾರಿ: ಯಜಮಾನರೇ, ಅದು ಹಳೆಯ ಲೆಕ್ಕ. 2003ರಿಂದ 30 ದಿನ ಇದೆ. 15 ದಿನ ಅನ್ನುವುದು ನೋಟಿಸ್ ಕೈಸೇರಿದ ಮೇಲೆ ಹಣ ಕೊಡಲು ಚೆಕ್ ಬರೆದವರಿಗೆ ಸಿಗುವ ಗಡುವು. ಎರಡನ್ನೂ ಬೆರೆಸುವವರು ತುಂಬಾ ಜನ.

ಹಾವೇರಿಯವರ ಲೆಕ್ಕ ಹೀಗಾಗುತ್ತದೆ. ಮಾರ್ಚ್ 6 ಬಿಟ್ಟು ಎಣಿಸಿದರೆ ಏಪ್ರಿಲ್ 5ಕ್ಕೆ 30 ದಿನ. ನೀವು ಮಾರ್ಚ್ 20ಕ್ಕೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಅವರಿಗೆ 24ಕ್ಕೆ ಸಿಕ್ಕಿತು ಅನ್ನೋಣ. ಅವರಿಗೆ ಏಪ್ರಿಲ್ 8ರವರೆಗೆ ಸಮಯ. ಅಷ್ಟರಲ್ಲಿ ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ದೂರು ಹಾಕಬೇಕು. ಕೊನೆಯ ದಿನದವರೆಗೆ ಕಾಯಬೇಡಿ. ದೂರು ನಿಮ್ಮ ಖಾತೆ ಇರುವ ಬ್ರಾಂಚಿನ ಊರಿನ ಕೋರ್ಟಿನಲ್ಲಿ, ಬಳ್ಳಾರಿಗೆ ಓಡಬೇಕಿಲ್ಲ.

ನೋಟಿಸಿನಲ್ಲಿ ಕೇಳುವ ಮೊತ್ತ ಚೆಕ್ಕಿನಲ್ಲಿರುವ 48,000 ರೂಪಾಯಿಯೇ ಆಗಿರಲಿ. ಬ್ಯಾಂಕ್ ಶುಲ್ಕ, ಬಡ್ಡಿ ಬೇಕಿದ್ದರೆ ಬೇರೆಯಾಗಿ ಬರೆಸಿ. ಎಲ್ಲ ಕೂಡಿಸಿ ಒಂದೇ ಅಂಕಿ ಹಾಕಿದ ನೋಟಿಸ್ ಬಿದ್ದುಹೋಗಬಹುದು.

ಹುಬ್ಬಳ್ಳಿಯ ಟೈಲರಿಂಗ್ ಘಟಕದವರು: ನಾನು ಚೆಕ್ ಬರೆದವನು ಸರ್, ನನ್ನ ಕಥೆ ಉಲ್ಟಾ. ಖಾತೆಯಲ್ಲಿ ಲಕ್ಷ ಇತ್ತು. ಆದರೂ 12 ಅಂತ ವಾಪಸ್. ಸಹಿ ಸರಿಹೊಂದಿಲ್ಲವಂತೆ. ಆಮೇಲೆ 590 ಕಟ್. ಇದಕ್ಕೂ ಕೇಸ್ ಆಗತ್ತಾ?

ನಿವೃತ್ತ ಬ್ಯಾಂಕ್ ಅಧಿಕಾರಿ: ಬರೀ ಸಹಿ ತಪ್ಪು ಅಂತ ಸುಮ್ಮನಿರಬೇಡಿ. ಸಹಿ ವ್ಯತ್ಯಾಸದ ಮೇಲೂ ಚೆಕ್ ಅಮಾನ್ಯಕ್ಕೆ ಶಿಕ್ಷೆ ಹೇಳುವ 138ನೇ ಕಲಂ ಬೀಳಬಹುದು ಅಂತ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಇಂದೇ ಬ್ರಾಂಚಿಗೆ ಹೋಗಿ ಹೊಸ ಸಹಿ ಮಾದರಿ ಕೊಡಿ. ಹಣ ನೆಫ್ಟ್‌ನಲ್ಲಿ ಕಳಿಸಿ, ಹಳೆಯ ಚೆಕ್ ವಾಪಸ್ ಪಡೆದು ರಸೀತಿ ಇಟ್ಟುಕೊಳ್ಳಿ. ಚೆಕ್ ಕೇಳದೆ ಹಣ ಮಾತ್ರ ಕೊಟ್ಟು ಪೇಚಾಡಿದವರಿದ್ದಾರೆ.

ಶುಲ್ಕ ಎಲ್ಲಾ ಸಲವೂ ಗ್ರಾಹಕರದ್ದಲ್ಲ. ಚೆಕ್ಕಿನ ಚಿತ್ರ ಸ್ಪಷ್ಟವಿಲ್ಲ ಅನ್ನುವ 39ರಂಥ ಕಾರಣಕ್ಕೆ ವಾಪಸ್ ಬಂದರೆ ತಪ್ಪು ನಿಮ್ಮದಲ್ಲ. ಆಗ ಬ್ಯಾಂಕೇ 24 ಗಂಟೆಯೊಳಗೆ ಮತ್ತೆ ಹಾಕಬೇಕು, ನಿಮ್ಮಿಂದ ಶುಲ್ಕ ತಗೊಳ್ಳಬಾರದು ಅನ್ನುವುದು ರಿಸರ್ವ್ ಬ್ಯಾಂಕಿನ ನಿಯಮ. ಕಟ್ ಆಗಿದ್ದರೆ ಲಿಖಿತವಾಗಿ ಕೇಳಿ.

ಹಾವೇರಿಯವರು: ಮತ್ತೆ ಹಾಕೋದಾ, ಬೇಡ್ವಾ ಹೇಳಿಲ್ಲ ಸರ್.

ನಿವೃತ್ತ ಬ್ಯಾಂಕ್ ಅಧಿಕಾರಿ: ಹಾಕಬಹುದು. ಚೆಕ್ ತಾರೀಕಿನಿಂದ ಮೂರು ತಿಂಗಳು ಚಾಲ್ತಿ ಇರುತ್ತದೆ, ಅಷ್ಟರಲ್ಲಿ ಎಷ್ಟು ಸಲವಾದರೂ ಹಾಕಿ. ಮತ್ತೆ ವಾಪಸ್ ಬಂದರೆ ಆ ಮೆಮೊದಿಂದ ಹೊಸದಾಗಿ 30 ದಿನ. ಆದರೆ ಪ್ರತಿ ಸಲವೂ 177. ಅವರು ಯಾವ ದಿನ ಹಣ ಹಾಕುತ್ತಾರೆ ಅಂತ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ತಾರೀಕು ಹೇಳಲು ಹಿಂಜರಿದರೆ ನಾನಾಗಿದ್ದರೆ ಎರಡನೇ ಸಲ ಹಾಕದೆ ನೋಟಿಸ್ ಕೊಡುತ್ತಿದ್ದೆ.

ಹಾವೇರಿಯವರು: ಇನ್ನೊಂದು ಗೊಂದಲ. ಎಸ್‌ಎಂಎಸ್ 6ಕ್ಕೆ ಬಂತು, ಮೆಮೊ ಕೈಗೆ ಸಿಕ್ಕಿದ್ದು 12ಕ್ಕೆ. ಎಣಿಕೆ ಯಾವತ್ತಿಂದ?

ದಾವಣಗೆರೆಯ ಹಿರಿಯರು: ಮೆಮೊ ಸಿಕ್ಕ ದಿನದಿಂದಲೇ. ನಮ್ಮ ವಕೀಲರು ಹಾಗೇ ಲೆಕ್ಕ ಹಾಕಿದ್ದರು.

ನಿವೃತ್ತ ಬ್ಯಾಂಕ್ ಅಧಿಕಾರಿ: ಕಾನೂನಿನಲ್ಲಿ ‘ಬ್ಯಾಂಕಿನಿಂದ ಮಾಹಿತಿ ಸಿಕ್ಕ’ ದಿನದಿಂದ ಅಂತಿದೆ. ಎಸ್‌ಎಂಎಸ್ ಕೂಡ ಮಾಹಿತಿಯೇ ಅಂತ ಎದುರಿನವರ ವಕೀಲರು ಹೇಳಿಯೇ ಹೇಳುತ್ತಾರೆ. ವಾದಕ್ಕೆ ಜಾಗ ಕೊಡೋದ್ಯಾಕೆ? 6ರಿಂದ ಎಣಿಸಿ, ಏಪ್ರಿಲ್ 5 ದಾಟಿಸಬೇಡಿ. ನೋಟಿಸನ್ನು ವಕೀಲರಿಂದಲೇ ಬರೆಸಿ, ಬಿಲ್ಲಿನ ಪ್ರತಿಯನ್ನೂ ತಗೊಂಡು ಹೋಗಿ.